ಯುದ್ಧಕಾಲದ ಆ ಒಂದು ಗಂಟೆ



ನಮ್ಮ ಮನೆತನಗಳಲ್ಲಿ 1942ರಿಂದ 1945ರ ನಡುವೆ ಹುಟ್ಟಿದ ಹಿರಿಯರು ಇಂದು ಎಂಬತ್ತನ್ನು ದಾಟಿದ್ದಾರೆ. ಅವರ ಜಾತಕವನ್ನು ಈಗಿನ ಗಣಕಯಂತ್ರದಲ್ಲಿ ಮತ್ತೆ ಬರೆಸಿದಾಗ ಲಗ್ನವೇ ಬದಲಾಗಿ ಬರುವುದುಂಟು. 'ಅಜ್ಜನ ಕಾಲದ ಜೋಯಿಸರು ತಪ್ಪು ಬರೆದರು' ಎಂದು ತೀರ್ಪು ಕೊಡುವ ಮೊದಲು ಅಂದಿನ ಗಡಿಯಾರಗಳ ಇತಿಹಾಸವನ್ನು ಸ್ವಲ್ಪ ಅರಿಯುವುದು ಒಳ್ಳೆಯದು.

ಗ್ರೀನಿಚ್ ಕಾಲಕ್ಕಿಂತ ಐದೂವರೆ ಗಂಟೆ ಮುಂದಿರುವ ನಮ್ಮ ಭಾರತೀಯ ಕಾಲಮಾನವು 1906ರ ಜನವರಿ 1ರಂದು ಜಾರಿಗೆ ಬಂದಿತು. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಸರ್ಕಾರವು ಈ ಕಾಲಮಾನವನ್ನು ಒಂದು ಗಂಟೆ ಮುಂದಕ್ಕೆ ತಳ್ಳಿತು. 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ ಗಡಿಯಾರಗಳು ಗ್ರೀನಿಚ್‌ಗಿಂತ ಆರೂವರೆ ಗಂಟೆ ಮುಂದೆ ಓಡಿದವು. ಸೂರ್ಯ ಮಾತ್ರ ಯಾವ ಸರ್ಕಾರದ ಆಜ್ಞೆಗೂ ಒಳಪಟ್ಟವನಲ್ಲ. ಬೆಳಿಗ್ಗೆ ಏಳಕ್ಕೆ ಹುಟ್ಟುತ್ತಿದ್ದವನು ಗಡಿಯಾರದ ಎಂಟಕ್ಕೆ ಹುಟ್ಟತೊಡಗಿದನು. ಈ ವ್ಯತ್ಯಾಸವೇ ನಮಗೆ ಸುಳಿವು.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಮಂಗಳೂರಿನಲ್ಲಿ ಹುಟ್ಟಿದ ಮಗುವಿನ ಹಳೆಯ ಚೀಟಿಯಲ್ಲಿ ಹೀಗಿದೆ ಎಂದಿಟ್ಟುಕೊಳ್ಳಿ: '16 ಜನವರಿ 1944, ಬೆಳಿಗ್ಗೆ 7 ಗಂಟೆ 33 ನಿಮಿಷ. ಶನಿವಾರ. ಉದಯಾದಿ ಘಟಿ 59. ಧನುರ್ಲಗ್ನ.' ಕ್ಯಾಲೆಂಡರು ನೋಡಿದರೆ ಅಂದು ಭಾನುವಾರ. ಮಂಗಳೂರಿನಲ್ಲಿ ಆ ದಿನಗಳ ಸೂರ್ಯೋದಯವು ಇಂದಿನ ಕಾಲಮಾನದಲ್ಲಿ ಸುಮಾರು 6 ಗಂಟೆ 57 ನಿಮಿಷಕ್ಕೆ. ಹಾಗಿದ್ದರೆ 7:33 ಎಂಬುದು ಸೂರ್ಯೋದಯವಾಗಿ ಅರ್ಧ ಗಂಟೆಗೂ ಮೀರಿದ ಹೊತ್ತು. ಘಟಿ ಒಂದೂವರೆಯಷ್ಟೇ ಇರಬೇಕು, ವಾರವು ಭಾನುವಾರವೇ ಆಗಬೇಕು. ಚೀಟಿಯ ಮೂರು ಮಾತುಗಳೂ ತಪ್ಪಾಗಿ ತೋರುತ್ತವೆ.

ಈಗ ಒಂದು ಗಂಟೆಯನ್ನು ಕಳೆಯಿರಿ. ಜನನವು 6:33ಕ್ಕೆ, ಎಂದರೆ ಸೂರ್ಯೋದಯಕ್ಕೆ 24 ನಿಮಿಷ ಮೊದಲು. 24 ನಿಮಿಷವೆಂದರೆ ಸರಿಯಾಗಿ ಒಂದು ಘಟಿ. ಹಿಂದಿನ ದಿನದ ಉದಯದಿಂದ ಎಣಿಸಿದರೆ 60ರಲ್ಲಿ ಒಂದು ಕಡಿಮೆ, 59. ಪಂಚಾಂಗದ ವಾರವು ಉದಯದಿಂದ ಉದಯಕ್ಕೆ ನಡೆಯುವುದರಿಂದ ಇನ್ನೂ ಶನಿವಾರವೇ. ಸೂರ್ಯನು ಆಗತಾನೇ ಮಕರವನ್ನು ಪ್ರವೇಶಿಸಿದ್ದನು. ಉದಯಕಾಲದ ಲಗ್ನವು ಸೂರ್ಯನಿರುವ ರಾಶಿಯೇ ಆದ್ದರಿಂದ, ಅದಕ್ಕೆ ಸ್ವಲ್ಪ ಮುಂಚೆ ಉದಯಿಸುತ್ತಿದ್ದುದು ಧನುಸ್ಸಿನ ಕೊನೆಯ ಭಾಗ. ಎಲ್ಲವೂ ಕೂಡಿ ಬಂದಿತು. ಜೋಯಿಸರು ತಪ್ಪಿರಲಿಲ್ಲ; ಗಡಿಯಾರವು ಯುದ್ಧಕಾಲದ್ದಾಗಿತ್ತು.

ಇಲ್ಲಿ ಗಮನಿಸಬೇಕಾದುದು ಘಟಿಯ ಮಹತ್ವ. ಅದು ಸೂರ್ಯೋದಯದಿಂದ ಅಳೆದದ್ದು. ಹಳೆಯ ಚೀಟಿಯಲ್ಲಿ ಗಂಟೆ, ಘಟಿ ಎರಡೂ ಇದ್ದರೆ ಒಂದನ್ನು ಮತ್ತೊಂದರಿಂದ ಪರೀಕ್ಷಿಸಬಹುದು. ಎರಡಕ್ಕೂ ಎರಡೂವರೆ ಘಟಿಯ ಅಂತರ ಬಂದರೆ ಅದು ಒಂದು ಗಂಟೆಯ ಅಂತರವೇ ಸರಿ. ಆದರೆ ಜೋಯಿಸರು ಗಡಿಯಾರವನ್ನೇ ನೋಡಿ, ಯುದ್ಧಕಾಲವನ್ನು ಮರೆತು, ಘಟಿಯನ್ನು ಲೆಕ್ಕ ಹಾಕಿ ಬರೆದಿದ್ದರೆ ಎರಡೂ ಒಟ್ಟಿಗೆ ತಪ್ಪಿ ಒಂದನ್ನೊಂದು ಸಮರ್ಥಿಸುತ್ತವೆ. ಆಗ 'ಬೆಳಕು ಹರಿಯುವ ಮುನ್ನ', 'ದೀಪ ಹಚ್ಚುವ ಹೊತ್ತು' ಎಂಬಂಥ ಮನೆಯವರ ನೆನಪೇ ಸಾಕ್ಷಿ.

ಗಣಕಯಂತ್ರದಲ್ಲಿ ಲೆಕ್ಕ ಹಾಕುವವರು ಕಾಲವಲಯವನ್ನು ಬರಿಯ `+05:30` ಎಂದು ಕೊಡಬಾರದು. `Asia/Kolkata` ಎಂಬ ಹೆಸರನ್ನು ಕೊಡಬೇಕು. ಆ ಹೆಸರಿನ ಹಿಂದೆ ಯುದ್ಧಕಾಲದ ಬದಲಾವಣೆಗಳೂ ದಾಖಲಾಗಿವೆ. ಮೇಲಿನ 7:33 ಆಗ ಗ್ರೀನಿಚ್‌ನ 1:03 ಆಗುತ್ತದೆ, ಇಲ್ಲವಾದರೆ 2:03. ಆದರೆ ಆ ಒಂದೇ ಹೆಸರು ಇಡೀ ದೇಶಕ್ಕೆ ನಿಂತಿದೆ. ಮುಂಬಯಿಯಲ್ಲಿ 1906ರ ನಂತರವೂ ಹಲವು ದಶಕಗಳ ಕಾಲ ಸುಮಾರು 39 ನಿಮಿಷ ಹಿಂದಿದ್ದ ತನ್ನದೇ 'ಬಾಂಬೆ ಟೈಮ್' ಬಳಕೆಯಲ್ಲಿತ್ತು. ಅಲ್ಲಿ ಹುಟ್ಟಿದ ನಮ್ಮವರ ಕಾಗದಗಳಲ್ಲಿ ಯಾವ ಕಾಲವೆಂಬುದನ್ನು ಬೇರೆಯಾಗಿಯೇ ವಿಚಾರಿಸಬೇಕು.

ಇನ್ನೆರಡು ಎಚ್ಚರಗಳು. ಮುಂದೆ ಪ್ರತಿ ಮಾಡಿದ ಜಾತಕಗಳಲ್ಲಿ ಒಂದು ಗಂಟೆಯನ್ನು ಆಗಲೇ ಕಳೆದು ಬರೆದಿರಬಹುದು. ಪರೀಕ್ಷಿಸದೆ ಮತ್ತೊಮ್ಮೆ ಕಳೆದರೆ ಹೊಸ ತಪ್ಪು ಹುಟ್ಟುತ್ತದೆ. ಮತ್ತೆ, 1945ರಲ್ಲಿ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದ ಆ ಇರುಳು ಒಂದು ಗಂಟೆ ಎರಡು ಬಾರಿ ಬಂದಿತು. ಆ ಗಂಟೆಯಲ್ಲಿ ಬರೆದ ಹೊತ್ತನ್ನು ಕೇವಲ ಅಂಕೆಯಿಂದ ನಿರ್ಣಯಿಸಲಾಗದು.

ಆದ್ದರಿಂದ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿರುವ ಮೂಲ ಚೀಟಿಯನ್ನು ಎಸೆಯಬೇಡಿ. ಅದರ ಮೇಲೆ ತಿದ್ದಲೂ ಬೇಡಿ. ತಿದ್ದಿದ ಹೊತ್ತನ್ನು ಬೇರೊಂದು ಹಾಳೆಯಲ್ಲಿ, ಯಾವ ಕಾಲಮಾನವೆಂದು ಸ್ಪಷ್ಟವಾಗಿ ನಮೂದಿಸಿ, ಜೊತೆಗಿರಿಸಿ.