ಝರಿಯ ಬಲದಿಂದ ಝರಿಯ ನೀರು: ರ್ಯಾಮ್ ಪಂಪಿನ ಎರಡೂಕಾಲು ಶತಮಾನ

ಈಚೆಗೆ ಭಾಲ್ಕಿ, ಔರಾದ ಕಡೆಯ ಹುಡುಗರು ಮೊಬೈಲು ಹಿಡಿದುಕೊಂಡು ಬಂದು ಒಂದೇ ಪ್ರಶ್ನೆ ಕೇಳುತ್ತಾರೆ. ಬಿಳಿ ಪ್ಲಾಸ್ಟಿಕ್ ಪೈಪು, ಎರಡು ಹಿತ್ತಾಳೆ ವಾಲ್ವು, ತಲೆಕೆಳಗಾದ ಒಂದು ಬಾಟಲಿ, ಇಷ್ಟರಿಂದ ನೀರು ತಾನಾಗಿಯೇ ಗುಡ್ಡ ಹತ್ತುವ ವಿಡಿಯೊ. "ಕರೆಂಟಿಲ್ಲ, ಡೀಸೆಲ್ ಇಲ್ಲ, ನಮ್ಮ ಮೆಹಕರದ ಹೊಲಕ್ಕೂ ಆಗ್ತದಾ ಸರ್?" ಅಂತ. ಆಗುತ್ತದೆ ಎಂದರೂ ಸುಳ್ಳಾಗುತ್ತದೆ, ಆಗುವುದಿಲ್ಲ ಎಂದರೂ ಸುಳ್ಳಾಗುತ್ತದೆ. ವಿಡಿಯೊ ಮಾಡಿದವರು ಪಂಪನ್ನಷ್ಟೇ ತೋರಿಸುತ್ತಾರೆ. ಆದರೆ ಈ ಯಂತ್ರದ ಚರಿತ್ರೆಯನ್ನು ಬಲ್ಲವರಿಗೆ ಪಂಪಿಗಿಂತ ಅದರ ಹಿಂದಿನ ಪೈಪು ಮುಖ್ಯ, ಪೈಪಿಗಿಂತ ಝರಿ ಮುಖ್ಯ.

ಆರಂಭದ ಕಥೆಯನ್ನು ಬೇಗ ಮುಗಿಸಬಹುದು. 1772ರಲ್ಲಿ ಇಂಗ್ಲೆಂಡಿನ ಗಡಿಯಾರ ತಯಾರಕ ಜಾನ್ ವೈಟ್‌ಹರ್ಸ್ಟ್, ಹರಿಯುವ ನೀರಿನ ನಲ್ಲಿಯನ್ನು ತಟ್ಟನೆ ಮುಚ್ಚಿದಾಗ ಪೈಪಿನಲ್ಲಿ ಹುಟ್ಟುವ ಒತ್ತಡದಿಂದ ನೀರನ್ನು ಮೇಲಕ್ಕೆ ತಳ್ಳಿದ. ಅದಕ್ಕೆ ಯಾರಾದರೂ ಕೈಯಿಂದ ನಲ್ಲಿ ತಿರುಗಿಸುತ್ತಲೇ ಇರಬೇಕಿತ್ತು. 1796ರಲ್ಲಿ ಫ್ರಾನ್ಸಿನ ಜೋಸೆಫ್ ಮೊಂಗೊಲ್ಫಿಯೆ, ಬಿಸಿಗಾಳಿ ಬಲೂನು ಹಾರಿಸಿದ ಅಣ್ಣತಮ್ಮಂದಿರಲ್ಲಿ ಒಬ್ಬ, ತನ್ನ ಕಾಗದದ ಕಾರ್ಖಾನೆಗಾಗಿ ನೀರೇ ಮುಚ್ಚಿ ನೀರೇ ತೆರೆಯುವ ವಾಲ್ವನ್ನು ಜೋಡಿಸಿದ. ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಎರಕದ ಭಾರೀ ರ್ಯಾಮುಗಳು ಇಂಗ್ಲೆಂಡಿನ ಜಮೀನ್ದಾರರ ಬಂಗಲೆಗಳಿಗೆ ನೀರೆತ್ತಿದವು. ಆಕ್ರಿಂಗ್ಟನ್‌ನ ಜಾನ್ ಬ್ಲೇಕ್ ಕಂಪನಿಯ ಮಾಲಿಗೆ ಬೇರೆ ದೇಶಗಳಲ್ಲೂ ಹೆಸರಿತ್ತು. ಒಬ್ಬ ಮನುಷ್ಯ ಎತ್ತಲಾಗದ ತೂಕ, ಐವತ್ತು ವರ್ಷ ಬಾಳಿಕೆ, ಕೆಟ್ಟರೆ ಬಿಡಿಭಾಗಕ್ಕೆ ಹಡಗಿನ ದಾರಿ ಕಾಯಬೇಕು.

ನಮ್ಮ ಬೀದರ ಇದಕ್ಕೆ ಮುನ್ನೂರು ವರ್ಷ ಮೊದಲೇ ನೀರಿನ ದೊಡ್ಡ ವಿದ್ಯೆ ಕಂಡ ಊರು. ಬಹಮನಿ ಕಾಲದ ನೌಬಾದಿನ ಕರೇಜು ನೆಲದಡಿಯ ಸುರಂಗದಲ್ಲಿ ಇಳಿಜಾರನ್ನೇ ನೆಚ್ಚಿ ನೀರು ತಂದಿತು. ನೀರನ್ನು ಇಳಿಸುವ ವಿದ್ಯೆ ಅದು. ಏರಿಸಬೇಕಾದಲ್ಲೆಲ್ಲ ಎತ್ತು ಮತ್ತು ಮೋಟಗಳೇ ಇದ್ದವು. ಇಳಿವ ನೀರಿನ ಬಲವನ್ನು ಅದೇ ನೀರಿನ ಒಂದು ಪಾಲನ್ನು ಏರಿಸಲು ಬಳಸುವ ಯೋಚನೆ ಈ ನೆಲಕ್ಕೆ ಹೊಸದು.

ಶಾಸ್ತ್ರ ತಯಾರಾಗಲು ನೂರು ವರ್ಷ ಬೇಕಾಯಿತು. 1898ರ ಸುಮಾರಿಗೆ ಮಾಸ್ಕೋದ ಜುಕೋವ್‌ಸ್ಕಿ, ಪೈಪಿನಲ್ಲಿ ನೀರು ತಟ್ಟನೆ ನಿಂತರೆ ಒತ್ತಡ ಎಷ್ಟು ಏರುತ್ತದೆ ಎಂಬ ಲೆಕ್ಕ ಕೊಟ್ಟ. ಒತ್ತಡದ ಅಲೆ ಪೈಪಿನಲ್ಲಿ ಓಡುವ ವೇಗವನ್ನು ನೀರಿನ ವೇಗದಿಂದ ಗುಣಿಸಿ, ಗುರುತ್ವದ 9.8ರಿಂದ ಭಾಗಿಸಿದರೆ ಏರಿಕೆ ಮೀಟರಿನಲ್ಲಿ ಬರುತ್ತದೆ. 1933ರಲ್ಲಿ ಕ್ಯಾಲಿಫೋರ್ನಿಯಾದ ಓಬ್ರಿಯನ್ ಮತ್ತು ಗಾಸ್ಲೈನ್, 1951ರಲ್ಲಿ ಕ್ರೋಲ್, ಇದನ್ನು ರ್ಯಾಮಿಗೆ ಹೊಂದಿಸಿದರು. ಈ ಒಂದು ಸೂತ್ರವೇ ಮೊಬೈಲಿನ ಬಿಳಿ ಪೈಪಿಗೆ ಉತ್ತರ. ಕಬ್ಬಿಣದ ಪೈಪಿನಲ್ಲಿ ಅಲೆ ಸೆಕೆಂಡಿಗೆ ಸುಮಾರು 1300 ಮೀಟರ್ ಓಡುತ್ತದೆ. ನೀರು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿದ್ದಾಗ ನಿಂತರೆ 130 ಮೀಟರ್ ಎತ್ತರದಷ್ಟು ಒತ್ತಡ ಏಳುತ್ತದೆ. ಪಿವಿಸಿ ಪೈಪಿನ ಗೋಡೆ ಹಿಗ್ಗಿ ಹೊಡೆತವನ್ನು ನುಂಗಿಬಿಡುತ್ತದೆ. ಅಲೆ 400 ಮೀಟರಿನ ಆಸುಪಾಸಿಗೆ ಇಳಿದರೆ ಒತ್ತಡ 40 ಮೀಟರ್. ಹತ್ತು ಹನ್ನೆರಡು ಮೀಟರ್ ಎತ್ತುವುದಾದರೆ ಅಷ್ಟು ಸಾಕು, ವಿಡಿಯೊದಲ್ಲೂ ಎತ್ತುವುದು ಅಷ್ಟೇ. ಗುಡ್ಡ ಇನ್ನೂ ಎತ್ತರವಾದರೆ ಬಿಳಿ ಪೈಪಿನಿಂದ ನೀರು ಸಣ್ಣ ದಾರವಾಗಿ ಬರುತ್ತದೆ, ಕೆಲವು ತಿಂಗಳಲ್ಲಿ ಜೋಡಣೆಗಳು ಬಿಡುತ್ತವೆ.

ಈ ಯಂತ್ರವನ್ನು ಒಮ್ಮೆ ಹತ್ತಿರದಿಂದ ನೋಡೋಣ. ಝರಿಯ ಕೆಳಗಿನ ಸಣ್ಣ ಹೌದಿನಿಂದ ಗಟ್ಟಿ ಕಬ್ಬಿಣದ ಪೈಪು ನೇರವಾಗಿ ಇಳಿಯುತ್ತದೆ. ಕೊನೆಯಲ್ಲಿ ಹೊರವಾಲ್ವು ತೆರೆದೇ ಇರುತ್ತದೆ, ನೀರು ಚೆಲ್ಲುತ್ತ ವೇಗ ಹೆಚ್ಚಿಸಿಕೊಳ್ಳುತ್ತದೆ. ವೇಗ ಸಾಕಷ್ಟಾದಾಗ ಹರಿವೇ ವಾಲ್ವನ್ನು ಮೇಲೆಳೆದು ಠಕ್ಕನೆ ಮುಚ್ಚುತ್ತದೆ. ಹೋಗಲು ದಾರಿಯಿಲ್ಲದ ನೀರಿನ ಒತ್ತಡ ಒಳವಾಲ್ವನ್ನು ತಳ್ಳಿ, ಒಂದಿಷ್ಟು ನೀರನ್ನು ಗಾಳಿ ತುಂಬಿದ ಗುಮ್ಮಟಕ್ಕೆ ನೂಕುತ್ತದೆ. ಗುಮ್ಮಟದ ಗಾಳಿ ಹಿಚುಕಿಕೊಂಡು, ಆ ನೀರನ್ನು ಮೇಲೆ ಹೋಗುವ ಸಣ್ಣ ಪೈಪಿಗೆ ಸಮವಾಗಿ ತಳ್ಳುತ್ತಿರುತ್ತದೆ. ಒತ್ತಡ ಹಿಂದಕ್ಕೆ ಸರಿದಾಗ ಹೊರವಾಲ್ವು ತಾನೇ ಬಿದ್ದು ತೆರೆಯುತ್ತದೆ. ನಿಮಿಷಕ್ಕೆ ನಲವತ್ತರಿಂದ ತೊಂಬತ್ತು ಬಡಿತ, ರಾತ್ರಿ ಹಗಲೆನ್ನದೆ.

ನಮ್ಮ ತಲೆಮಾರಿನವರು ಕಲಿತದ್ದು 1975ರ ನಂತರದ ಪರಂಪರೆಯಿಂದ. ಆ ವರ್ಷ ಎಸ್. ಬಿ. ವಾಟ್ ಬರೆದ ಕೈಪಿಡಿ, ಹಳ್ಳಿಯ ವರ್ಕ್‌ಶಾಪಿನಲ್ಲೇ ಪೈಪು ಫಿಟಿಂಗುಗಳಿಂದ ರ್ಯಾಮ್ ಜೋಡಿಸಬಹುದೆಂದು ತೋರಿಸಿತು. ನಂತರ ಇಂಗ್ಲೆಂಡಿನ ವಾರ್ವಿಕ್ ವಿಶ್ವವಿದ್ಯಾಲಯದ ಅಭಿವೃದ್ಧಿ ತಂತ್ರಜ್ಞಾನ ಘಟಕ ಬಡವರ ದೇಶಗಳಿಗಾಗಿಯೇ ಉಕ್ಕಿನ ತಗಡಿನಿಂದ ವೆಲ್ಡ್ ಮಾಡುವ ವಿನ್ಯಾಸಗಳನ್ನು ತಿದ್ದಿತು. ಜೆಫ್ರಿ, ಥಾಮಸ್ ಮತ್ತು ಸಂಗಡಿಗರ ಪುಸ್ತಕ 1992ರಲ್ಲಿ ಬಂತು. ಬ್ಲೇಕ್ ಕಂಪನಿಯ ಎರಕ ಎಷ್ಟೇ ಚೆಂದವಿದ್ದರೂ ನನಗೆ ಈ ಶಾಲೆಯೇ ಇಷ್ಟ. ಇದು ದೊಡ್ಡ ರ್ಯಾಮಿನ ಬದಲು ಸಣ್ಣವನ್ನು ಸಾಲಾಗಿ ಇಡುವ ಅಭ್ಯಾಸಕ್ಕೆ ಒತ್ತು ಕೊಟ್ಟಿತು. ಫಿಲಿಪ್ಪೀನ್ಸಿನ ಎಐಡಿ ಫೌಂಡೇಶನ್ ಗುಡ್ಡಗಾಡಿನ ಹಳ್ಳಿಗಳಿಗೆ ಇಂಥ ಪಂಪುಗಳನ್ನು ಒದಗಿಸಿದ್ದಕ್ಕೆ 2007ರಲ್ಲಿ ಆಶ್‌ಡೆನ್ ಪ್ರಶಸ್ತಿ ಬಂತು. ಅಲ್ಲಿ ಪಂಪು ಮಾರಿ ಕೈತೊಳೆದುಕೊಳ್ಳಲಿಲ್ಲ, ವಾಲ್ವಿನ ರಬ್ಬರು ಬದಲಿಸುವವರನ್ನು ಹಳ್ಳಿಯಲ್ಲೇ ತಯಾರು ಮಾಡಿದರು.

ಕರ್ನಾಟಕದಲ್ಲಿ ಈ ಪರಂಪರೆ ಬೇರೂರದಿರಲು ಒಂದು ನೇರ ಕಾರಣ ಇದೆ. ಮಲೆನಾಡಿನಲ್ಲಿ ಮೇಲಿನ ತೊರೆಯ ಅಬ್ಬಿ ನೀರನ್ನು ಪೈಪಿನಲ್ಲಿ ಇಳಿಸಿಕೊಂಡರೆ ಸಾಕಾಗುತ್ತದೆ. ಬಯಲಿನಲ್ಲಿ 2008ರಿಂದ ಹತ್ತು ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ದುಡ್ಡು ಕೊಡದೆ ಮೋಟರು ತಿರುಗುವಲ್ಲಿ ದುಡ್ಡು ಕೇಳದ ಪಂಪಿನ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಈಗ ಸೌರ ಪಂಪು ಬಂದಿದೆ, ಬಾವಿಯಿಂದ ಎತ್ತುವುದಾದರೆ ಅದೇ ಸರಿ. ರ್ಯಾಮ್ ನಿಂತ ನೀರನ್ನು ಎತ್ತಲಾರದು.

ಮೆಹಕರದ ಪ್ರಶ್ನೆಗೆ ಬರೋಣ. ಬೀದರ ಪಟ್ಟಣದ ಅಂಚಿನಲ್ಲಿ ಕೆಂಪು ಜಂಬಿಟ್ಟಿಗೆಯ ದಪ್ಪ ಹಾಸು ಮಳೆ ನೀರನ್ನು ಹೀರಿಟ್ಟುಕೊಂಡು, ಅಡಿಯ ಕಪ್ಪು ಕಲ್ಲು ಸೇರುವಲ್ಲಿ ಝರಿಯಾಗಿ ಬಿಡುತ್ತದೆ. ನಾನಕ ಝೀರಾ, ಝರಣಿ ನರಸಿಂಹ ಕ್ಷೇತ್ರಗಳು ಬೆಳೆದದ್ದು ಇಂಥ ನೀರಿನ ಸುತ್ತಲೇ. ಭಾಲ್ಕಿಯಿಂದ ಮಾಂಜ್ರಾ ನದಿಯ ಕಡೆಗೆ ಹೊರಟರೆ ಎರೆಮಣ್ಣು, ಕಪ್ಪು ಕಲ್ಲಿನ ಪದರುಗಳು. ಪದರುಗಳ ನಡುವಿನ ಸವೆದ ಕಲ್ಲಿನಿಂದ ಹಳ್ಳದ ದಂಡೆಗೆ ಸಣ್ಣ ಸೆಲೆಗಳು ಒಸರುತ್ತವೆ. ಹೆಚ್ಚಿನವು ಮುಂಗಾರು ಮುಗಿದಾಗ ಉಕ್ಕಿ, ಬೇಸಿಗೆಗೆ ಬತ್ತುತ್ತವೆ. ಆದ್ದರಿಂದ ಇಲ್ಲಿ ರ್ಯಾಮ್ ಎಂದರೆ ವರ್ಷವಿಡೀ ಓಡುವ ಪಂಪಲ್ಲ, ಹಿಂಗಾರಿನ ಪಂಪು.

ಒಂದು ಇಳಿಜಾರನ್ನು ಎಣಿಸಿಕೊಳ್ಳಿ. ಸೆಲೆ ದಂಡೆಯ ಮೇಲಿದೆ, ಅಲ್ಲಿಂದ ಹಳ್ಳಕ್ಕೆ 4 ಮೀಟರ್ ಇಳಿತ. ಹೊಲದ ಮನೆಯ ಟಾಕಿ ಹಳ್ಳದಿಂದ 24 ಮೀಟರ್ ಮೇಲೆ. ಅಕ್ಟೋಬರಿನಲ್ಲಿ ಹತ್ತು ಲೀಟರಿನ ಬಕೆಟು 20 ಸೆಕೆಂಡಿನಲ್ಲಿ ತುಂಬುತ್ತದೆ, ಅಂದರೆ ನಿಮಿಷಕ್ಕೆ 30 ಲೀಟರ್. ನೀರಿನ ಅಳತೆಯನ್ನು ಇಳಿತದಿಂದ ಗುಣಿಸಿ, ಏರಿಕೆಯಿಂದ ಭಾಗಿಸಿ, ಬಂದದ್ದರಲ್ಲಿ ನೂರಕ್ಕೆ ಅರವತ್ತು ಹಿಡಿಯಿರಿ. ನಿಮಿಷಕ್ಕೆ 3 ಲೀಟರ್, ದಿನಕ್ಕೆ 4,320 ಲೀಟರ್ ಟಾಕಿಗೆ ಬೀಳುತ್ತದೆ. ಉಳಿದ 27 ಲೀಟರ್ ಹಳ್ಳಕ್ಕೆ ಮರಳುತ್ತದೆ. ಅದನ್ನು ಪೋಲು ಎನ್ನುವವರಿದ್ದಾರೆ. ಕೆಳಗಿನ ಹೊಲದವನ ಬಾವಿಗೆ ಸೇರುವ ನೀರು ಪೋಲು ಹೇಗಾಗುತ್ತದೋ ನನಗೆ ತಿಳಿಯದು.

ಒಂದು ಎಕರೆಗೆ ಒಂದು ಸೆಂಟಿಮೀಟರ್ ನೀರು ಹಾಯಿಸಲು ಸುಮಾರು 40,000 ಲೀಟರ್ ಬೇಕು. ಹಾಗಾಗಿ ಜೋಳ, ಕಡಲೆಗೆ ಈ ನೀರನ್ನು ನೆಚ್ಚಬಾರದು. ಹತ್ತು ದನಕ್ಕೆ 600, ಮನೆಗೆ 500, ಇನ್ನೂರು ಮಾವಿನ ಸಸಿಗೆ ತಲಾ 15 ಲೀಟರಿನಂತೆ 3,000. ಲೆಕ್ಕ ಅಲ್ಲಿಗೆ ಸರಿ. ಫೆಬ್ರವರಿಯಲ್ಲಿ ಸೆಲೆ ನಿಮಿಷಕ್ಕೆ 12 ಲೀಟರಿಗೆ ಇಳಿದರೆ ಟಾಕಿಗೆ ದಿನಕ್ಕೆ 1,728 ಲೀಟರ್. ದನ, ಮನೆ ಕಳೆದು 628 ಉಳಿಯುತ್ತದೆ, ಪ್ರತಿ ಸಸಿಗೆ ಐದು ದಿನಕ್ಕೊಮ್ಮೆ ಸರದಿ.

ಇಲ್ಲಿ ದೊಡ್ಡ ರ್ಯಾಮು ಕೈಕೊಡುವುದು. ಎರಡಿಂಚಿನದನ್ನು ಕೂರಿಸಿದರೆ ಅಕ್ಟೋಬರಿನ ಹರಿವೇ ಅದಕ್ಕೆ ಸಾಲದು. ವಾಲ್ವನ್ನು ಎತ್ತುವಷ್ಟು ವೇಗ ಹುಟ್ಟದೆ ಅದು ತೆರೆದೇ ಇದ್ದು ನೀರು ಸುಮ್ಮನೆ ಸುರಿಯುತ್ತದೆ. ಒಂದಿಂಚಿನ ಪೈಪಿನಲ್ಲಿ ಸೆಕೆಂಡಿಗೆ ಒಂದು ಮೀಟರ್ ವೇಗ ಎಂದರೆ ನಿಮಿಷಕ್ಕೆ 30 ಲೀಟರಿನ ಹರಿವು. ಆದರೆ ಬಡಿತದ ನಡುವೆ ನಿಂತು ಹೊರಡುವುದರಿಂದ ಸರಾಸರಿ ಬಳಕೆ ಹತ್ತು ಹದಿನೈದು ಲೀಟರ್. ಒಂದೇ ಹೌದಿನಿಂದ ಒಂದಿಂಚಿನ ಎರಡು ಪೈಪು, ಎರಡು ರ್ಯಾಮು ಇಡಿ. ಅಕ್ಟೋಬರಿನಲ್ಲಿ ಎರಡೂ ಬಡಿಯಲಿ, ಸಂಕ್ರಾಂತಿ ದಾಟಿದ ಮೇಲೆ ಒಂದನ್ನು ಮುಚ್ಚಿ. ಏಪ್ರಿಲಿನಲ್ಲಿ ನಾಲ್ಕು ಲೀಟರಿಗೆ ಇಳಿದಾಗ ಎರಡನ್ನೂ ನಿಲ್ಲಿಸಿ ಸೆಲೆಯ ನೀರನ್ನು ಕೊಡದಲ್ಲೇ ಹಿಡಿಯುವುದು ಸರಿ. ಇಳಿಯುವ ಪೈಪಿನ ಉದ್ದ ಇಳಿತದ ಐದು ಪಟ್ಟು, ಅಂದರೆ 20 ಮೀಟರ್. ಅದು ಬಾಗದೆ, ನಡುವೆ ಉಬ್ಬದೆ, ಕಾಂಕ್ರೀಟಿನಲ್ಲಿ ಕಚ್ಚಿಕೊಂಡಿರಬೇಕು.

ಕೆಟ್ಟಿದ್ದನ್ನು ಕಿವಿಯಿಂದ ತಿಳಿಯಬಹುದು. ಬಡಿತ ಕಬ್ಬಿಣಕ್ಕೆ ಕಬ್ಬಿಣ ತಾಕಿದಂತೆ ಗಡುಸಾಗಿ, ಮೇಲಿನ ಪೈಪು ಪ್ರತಿ ಬಡಿತಕ್ಕೂ ಕುಲುಕಿದರೆ ಗುಮ್ಮಟದ ಗಾಳಿ ನೀರಿನಲ್ಲಿ ಕರಗಿ ಹೋಗಿದೆ. ಒಳವಾಲ್ವಿನ ಕೆಳಗೆ ಒಂದು ಮಿಲಿಮೀಟರಿನ ರಂಧ್ರವಿರುತ್ತದೆ. ಹೊಡೆತ ಹಿಂದೆ ಸರಿಯುವಾಗ ಅದು ಒಂದು ಗುಟುಕು ಗಾಳಿ ಹೀರಿಕೊಳ್ಳುತ್ತದೆ. ಕೆಸರು ಕಟ್ಟಿದ್ದರೆ ಸೂಜಿಯಿಂದ ಬಿಡಿಸಬೇಕು. ಬಡಿತ ಮೆತ್ತಗೆ, ಒಡಕಾಗಿ ಕೇಳಿದರೆ ಹೌದಿನಲ್ಲಿ ನೀರು ಇಳಿದು ಪೈಪು ಗಾಳಿ ಎಳೆಯುತ್ತಿದೆ. ವಾಲ್ವು ಮುಚ್ಚಿಯೇ ಉಳಿದರೆ ಎಲೆ ಸಿಕ್ಕಿರಬಹುದು, ಇಲ್ಲವೆ ಮೇಲಿನ ಪೈಪು ಖಾಲಿಯಾಗಿ ಹಿಂದೊತ್ತಡ ಇಲ್ಲವಾಗಿರಬಹುದು. ಆಗ ಕೈಯಿಂದ ಇಪ್ಪತ್ತು ಮೂವತ್ತು ಸಲ ವಾಲ್ವು ಒತ್ತಿ ಬಿಡಬೇಕು, ಮೇಲಿನ ಪೈಪು ತುಂಬುತ್ತಿದ್ದಂತೆ ಯಂತ್ರ ತಾನೇ ನಡೆಯತೊಡಗುತ್ತದೆ.

ಇಷ್ಟೆಲ್ಲ ತಿಳಿದಿದ್ದರೂ ಈ ಕ್ಷೇತ್ರದಲ್ಲಿ ಒಂದು ದೊಡ್ಡ ಕೊರತೆ ಇದೆ. ಪಂಪಿನ ಬಗ್ಗೆ ಇನ್ನೂರು ವರ್ಷದ ಬರವಣಿಗೆ ಇದೆ, ನಮ್ಮ ಹಳ್ಳಗಳ ಸೆಲೆಗಳ ಬಗ್ಗೆ ತಿಂಗಳುವಾರು ಅಳತೆ ಇಲ್ಲ. ಹಿಮಾಲಯದ ಝರಿಗಳ ಬಗ್ಗೆ ನೀತಿ ಆಯೋಗ 2018ರಲ್ಲಿ ವರದಿ ತಂದಿತು. ದಖ್ಖನಿನ ಕಪ್ಪು ಕಲ್ಲಿನ ಸೆಲೆ ಸಣ್ಣದು, ವರ್ಷಕ್ಕೆ ಆರು ತಿಂಗಳದ್ದು, ಹಾಗಾಗಿ ಯೋಜನೆ ಹಾಕುವವರ ಕಣ್ಣಿಗೆ ಬೀಳುವುದಿಲ್ಲ. ಯೋಜನೆ ಎಂದರೆ ನಮ್ಮಲ್ಲಿ ನದಿಯಿಂದ ಎತ್ತುವ ದೊಡ್ಡ ಪಂಪುಮನೆ. ಅದು ತಪ್ಪೆನ್ನುವುದಿಲ್ಲ, ಆದರೆ ಅದರ ನೀರು ಹಳ್ಳದ ಮೇಲಿನ ಹೊಲದ ಮನೆಗೆ ಬರುವುದು ಕಷ್ಟ. ಅಲ್ಲಿಗೆ ಬೇಕಾದ ನಾಲ್ಕು ಸಾವಿರ ಲೀಟರ್ ಯಾವ ಅಂದಾಜು ಪತ್ರಿಕೆಯಲ್ಲೂ ಇರುವುದಿಲ್ಲ.

ಅದಕ್ಕೇ ಈಗ ಬರುವ ಹುಡುಗರಿಗೆ ಮೊದಲು ಪಂಪಿನ ಚಿತ್ರ ಬರೆದು ಕೊಡುವುದಿಲ್ಲ. ದಸರೆ, ಸಂಕ್ರಾಂತಿ, ಶಿವರಾತ್ರಿ, ಯುಗಾದಿ, ನಾಲ್ಕು ಸಲ ಸೆಲೆಗೆ ಬಕೆಟು ಹಿಡಿದು, ತುಂಬಲು ಎಷ್ಟು ಸೆಕೆಂಡು ಬೇಕಾಯಿತು ಎಂದು ಬರೆದು ತರಲು ಹೇಳುತ್ತೇನೆ. ಶಿವರಾತ್ರಿಯ ಬಕೆಟು ಒಂದು ನಿಮಿಷದೊಳಗೆ ತುಂಬಿದರೆ ಮುಂದೆ ಪೈಪಿನ ಮಾತು.