ಜೀವಾವಧಿ ವರ್ಷಾಶನ ಮತ್ತು ನಿಶ್ಚಿತಾವಧಿ ವರ್ಷಾಶನ: ಬದುಕುಳಿಯುವ ಸಂಭವನೀಯತೆಯಿಂದ ವರ್ತಮಾನ ಮೌಲ್ಯ ಬದಲಾಗುವ ಬಗೆ

ಸಾರಾಂಶ: ನಿವೃತ್ತರೊಬ್ಬರಿಗೆ ಸರಾಸರಿ ಇನ್ನು 20 ವರ್ಷ ಆಯುಷ್ಯವಿದ್ದರೆ, ಅವರ ಜೀವಾವಧಿ ವರ್ಷಾಶನಕ್ಕೂ 20 ವರ್ಷಗಳ ನಿಶ್ಚಿತಾವಧಿ ವರ್ಷಾಶನಕ್ಕೂ ಬೆಲೆ ಒಂದೇ ಇರಬೇಕೆಂದು ತೋರುತ್ತದೆ. ಬಡ್ಡಿ ಇರುವಲ್ಲಿ ಇದು ನಿಜವಲ್ಲ. ಎರಡರ ಅಂತರ ಎಲ್ಲಿ ಹುಟ್ಟುತ್ತದೆ, ಅದರಲ್ಲಿ ವಾರಸುದಾರರ ಪಾಲೆಷ್ಟು, ಇಳಿವಯಸ್ಸಿನ ಪಾಲೆಷ್ಟು ಎಂಬುದನ್ನು ಈ ಲೇಖನ ಬಿಡಿಸಿ ತೋರಿಸುತ್ತದೆ.

1. ಲೆಕ್ಕದ ಎರಡು ದಾರಿ

ಯೋಹಾನ್ ಡಿ ವಿಟ್ 1671ರಲ್ಲಿ ಹಾಲೆಂಡಿನ ಆಡಳಿತ ಸಭೆಗೆ ಸಲ್ಲಿಸಿದ ವರದಿಯಲ್ಲಿ ಜೀವಾವಧಿ ವರ್ಷಾಶನವನ್ನು ಬೇರೆಬೇರೆ ಅವಧಿಯ ನಿಶ್ಚಿತ ವರ್ಷಾಶನಗಳ ತೂಕದ ಸರಾಸರಿಯಾಗಿ ಕಂಡ. ವ್ಯಕ್ತಿ ಯಾವ ವರ್ಷ ಸಾಯುತ್ತಾನೋ ಅದುವರೆಗೆ ಪಡೆದ ಕಂತುಗಳ ಮೌಲ್ಯಕ್ಕೆ ಆ ಸಾವಿನ ಸಂಭವನೀಯತೆಯೇ ತೂಕ. ಎಡ್ಮಂಡ್ ಹ್ಯಾಲಿ 1693ರಲ್ಲಿ ಬ್ರೆಸ್ಲಾವ್ ನಗರದ ಮರಣ ದಾಖಲೆಗಳನ್ನು ಆಧರಿಸಿ ಪ್ರತಿ ವರ್ಷದ ಕಂತನ್ನು ಆ ವರ್ಷದವರೆಗೆ ಬದುಕುಳಿಯುವ ಸಂಭವನೀಯತೆಯಿಂದ ಗುಣಿಸಿದ. ಎರಡೂ ದಾರಿ ಒಂದೇ ಉತ್ತರ ಕೊಡುತ್ತವೆ. ಆದರೆ ಅಂತರದ ಕಾರಣ ಮೊದಲನೆಯದರಲ್ಲಿ ಕಾಣುತ್ತದೆ, ಅದರ ಹಂಚಿಕೆ ಎರಡನೆಯದರಲ್ಲಿ.

2. ಒಂದು ಉದಾಹರಣೆ

60 ವಯಸ್ಸಿನ 41 ನಿವೃತ್ತರಿದ್ದಾರೆ, ವರ್ಷಕ್ಕೊಬ್ಬರಂತೆ ತೀರಿಕೊಳ್ಳುತ್ತಾರೆ ಎಂದು ಭಾವಿಸೋಣ. ಸಾವುಗಳು ಹೀಗೆ ಸಮನಾಗಿ ಹಂಚಿಕೊಳ್ಳುವ ಮಾದರಿಯನ್ನು ಡಿ ಮೊಯವ್ರ್ 1725ರಲ್ಲಿ ಬಳಸಿದ್ದ. ವರ್ಷದ ಕೊನೆಗೆ ಬದುಕಿರುವವರಿಗೆ ತಲಾ 1,00,000 ರೂ. ಸಿಗುತ್ತದೆ, ಬಡ್ಡಿ ಶೇ. 7. ಮೊದಲ ವರ್ಷ ತೀರಿಕೊಂಡವರಿಗೆ ಒಂದು ಕಂತೂ ಇಲ್ಲ, ಕೊನೆಯವರಿಗೆ 40 ಕಂತು, ಸರಾಸರಿ 20.

ಬಡ್ಡಿ ಸೊನ್ನೆಯಾಗಿದ್ದರೆ ಎರಡೂ ವರ್ಷಾಶನಗಳ ಮೌಲ್ಯ 20 ಲಕ್ಷ ರೂ. ಶೇ. 7ರಲ್ಲಿ 20 ವರ್ಷಗಳ ನಿಶ್ಚಿತ ವರ್ಷಾಶನದ ಮೌಲ್ಯ 10,59,401 ರೂ. ಜೀವಾವಧಿ ವರ್ಷಾಶನಕ್ಕೆ ಹ್ಯಾಲಿಯ ಕ್ರಮದ ಸೂತ್ರ ಇದು:

Σ 1,00,000 × (1.07)^(−k) × (41 − k)/41, k = 1, 2, …, 40

ಇದರ ಮೊತ್ತ 9,29,208 ರೂ. ಸರಾಸರಿ ಕಂತುಗಳು ಸಮನಿದ್ದರೂ 1,30,193 ರೂ. ಕಡಿಮೆ.

ಡಿ ವಿಟ್‌ನ ದಾರಿ ಇದರ ಕಾರಣ ಹೇಳುತ್ತದೆ. 40 ಕಂತು ಪಡೆಯುವವರ ವರ್ಷಾಶನದ ಮೌಲ್ಯ 20 ಕಂತಿನವರದಕ್ಕಿಂತ ಎರಡು ಪಟ್ಟಾಗುವುದಿಲ್ಲ, 13,33,171 ರೂ. ಮಾತ್ರ, ಅಂದರೆ ಸುಮಾರು ಶೇ. 26 ಹೆಚ್ಚು. ಒಂದೂ ಕಂತು ಸಿಗದವರೊಡನೆ ಅವರನ್ನು ಜೋಡಿ ಮಾಡಿದರೆ ಸರಾಸರಿ 6.67 ಲಕ್ಷಕ್ಕೆ ಇಳಿಯುತ್ತದೆ. 19 ಮತ್ತು 21, 10 ಮತ್ತು 30 ಹೀಗೆ ಯಾವ ಜೋಡಿಯನ್ನು ತೆಗೆದುಕೊಂಡರೂ ಸರಾಸರಿ 20 ಕಂತಿನ ಮೌಲ್ಯಕ್ಕಿಂತ ಕೆಳಗೇ ನಿಲ್ಲುತ್ತದೆ. ಅಲ್ಪಾಯುಷಿಗಳು ಕಳೆದುಕೊಳ್ಳುವುದು ಹತ್ತಿರದ, ಬೆಲೆಯುಳ್ಳ ಕಂತುಗಳನ್ನು. ದೀರ್ಘಾಯುಷಿಗಳು ಪಡೆಯುವುದು ದೂರದ, ಬಡ್ಡಿಯಿಂದ ಕರಗಿದ ಕಂತುಗಳನ್ನು.

3. ಅಂತರದ ಹಂಚಿಕೆ

ಜೀವಾವಧಿ ವರ್ಷಾಶನವನ್ನು 20ನೆಯ ವರ್ಷದಲ್ಲಿ ಎರಡಾಗಿ ಸೀಳೋಣ. ಮೊದಲ 20 ವರ್ಷಗಳ ಭಾಗದ ಮೌಲ್ಯ 8,44,515 ರೂ.; 80 ದಾಟಿದ ನಂತರದ ಭಾಗದ್ದು 84,693 ರೂ. ನಿಶ್ಚಿತ ವರ್ಷಾಶನದ ಮೌಲ್ಯ ಮೊದಲ ಭಾಗಕ್ಕಿಂತ 2,14,886 ರೂ. ಹೆಚ್ಚು. ಪಿಂಚಣಿದಾರರು ನಡುವೆ ತೀರಿಕೊಂಡರೂ ಉಳಿದ ಕಂತುಗಳು ವಾರಸುದಾರರಿಗೆ ಸಲ್ಲುವುದರ ಬೆಲೆ ಇದು. ಆದರೆ 41 ಜನರಲ್ಲಿ 21 ಮಂದಿ 80ರಲ್ಲೂ ಬದುಕಿರುತ್ತಾರೆ, ನಿಶ್ಚಿತ ವರ್ಷಾಶನ ಅವರ ಕೈಬಿಟ್ಟಿರುತ್ತದೆ. ಅವರೆಲ್ಲರ ಮುಂದಿನ ಆದಾಯವನ್ನು ಕಾಯುವ ಬೆಲೆ, 60ರಲ್ಲೇ 41 ಮಂದಿಯೂ ಕೊಟ್ಟರೆ, ತಲಾ 84,693 ರೂ. ಮಾತ್ರ.

ನಿಶ್ಚಿತ ವರ್ಷಾಶನದ ಮೌಲ್ಯಕ್ಕೆ ಈ 84,693 ರೂ. ಸೇರಿಸಿದರೆ 20 ವರ್ಷ ಖಾತರಿ, ಆಮೇಲೆ ಬದುಕಿರುವವರೆಗೆ ಎಂಬ ಮಿಶ್ರ ವರ್ಷಾಶನ: 11,44,094 ರೂ. ಎಲ್‌ಐಸಿಯ ಜೀವನ್ ಅಕ್ಷಯ್‌ನಂಥ ಯೋಜನೆಗಳಲ್ಲಿ ಈ ಬಗೆಯ ಆಯ್ಕೆ ಇದೆ. 10 ಲಕ್ಷ ರೂ. ಹೂಡಿದವರಿಗೆ ನಮ್ಮ ಲೆಕ್ಕದಲ್ಲಿ ವರ್ಷಕ್ಕೆ ಜೀವಾವಧಿಯಲ್ಲಿ 1,07,618, ನಿಶ್ಚಿತಾವಧಿಯಲ್ಲಿ 94,393, ಮಿಶ್ರದಲ್ಲಿ 87,405 ರೂ. ಸಿಗುತ್ತದೆ.

4. ಮಿತಿಗಳು

ನಿಜವಾದ ಮರಣ ಕೋಷ್ಟಕದಲ್ಲಿ ಸಾವುಗಳು ಸಮನಾಗಿ ಹರಡಿರುವುದಿಲ್ಲ, ಇಳಿವಯಸ್ಸಿನ ಕೆಲವು ದಶಕಗಳಲ್ಲಿ ದಟ್ಟವಾಗಿರುತ್ತವೆ. ಹಾಗಾಗಿ ಸರಾಸರಿ ಅದೇ ಇದ್ದಾಗ ಅಂತರ ಇಲ್ಲಿಯಷ್ಟು ದೊಡ್ಡದಾಗಿರದು, ಆದರೆ ಅದರ ದಿಕ್ಕು ಬದಲಾಗದು. ಇನ್ನೊಂದು ತೊಡಕು ಕೊಳ್ಳುವವರದು. ಗಟ್ಟಿ ಆರೋಗ್ಯದವರೇ ಜೀವಾವಧಿ ವರ್ಷಾಶನದತ್ತ ಹೆಚ್ಚು ವಾಲುವುದರಿಂದ ವಿಮಾಗಣಕರು ಅವರಿಗೆಂದೇ ಪ್ರತ್ಯೇಕ ಮರಣ ಕೋಷ್ಟಕ ಬಳಸುತ್ತಾರೆ. ಅದರಲ್ಲಿ ಬದುಕುಳಿಯುವ ಸಂಭವನೀಯತೆ ಹೆಚ್ಚು, ಆದ್ದರಿಂದ ಬೆಲೆಯೂ ಹೆಚ್ಚು. ಗಂಭೀರ ಕಾಯಿಲೆಯುಳ್ಳವರು ಆ ಬೆಲೆ ತೆತ್ತರೆ ತಮಗಿಲ್ಲದ ಆಯುಷ್ಯಕ್ಕೆ ಹಣ ಕೊಟ್ಟಂತೆ. ವೆಚ್ಚ ಮತ್ತು ಬೆಲೆಯೇರಿಕೆಯನ್ನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

5. ತೀರ್ಮಾನ

ಸರಾಸರಿ ಆಯುಷ್ಯವೊಂದನ್ನೇ ಹಿಡಿದು ಎರಡು ವರ್ಷಾಶನಗಳನ್ನು ಸಮವೆನ್ನಲಾಗದು. ಜೀವಾವಧಿ ವರ್ಷಾಶನದ ದೊಡ್ಡ ಕಂತನ್ನು ಕಂಡಾಗ, ಅದು ವಾರಸುದಾರರ ಪಾಲನ್ನು ಬಿಟ್ಟುಕೊಟ್ಟಿದ್ದರಿಂದ ಬಂದದ್ದೆಂದು ತಿಳಿಯಬೇಕು. ಮನೆಯವರಿಗೂ ಏನಾದರೂ ಉಳಿಸಬೇಕೆನ್ನುವ, ಆರೋಗ್ಯವಾಗಿರುವ ನಿವೃತ್ತರು ನಿಶ್ಚಿತಾವಧಿಯೊಂದನ್ನೇ ನಂಬುವುದಕ್ಕಿಂತ ಮಿಶ್ರವನ್ನು ಆರಿಸುವುದು ಮೇಲು. ಹಾಗೆ ಮಾಡಿದರೆ ವರ್ಷಕ್ಕೆ 6,988 ರೂ. ಕಡಿಮೆ ಬರುತ್ತದೆ, ಆದರೆ 80 ದಾಟಿದ ಮೇಲೂ ಆದಾಯ ನಿಲ್ಲುವುದಿಲ್ಲ.