ಲ್ಯಾಕ್ಟೇಟ್ ಮಿತಿ ಮತ್ತು ಟೆಂಪೋ ಓಟ

ಓಟದ ವೇಗ ಏರುತ್ತ ಹೋದಂತೆ ಸ್ನಾಯುಗಳು ಲ್ಯಾಕ್ಟೇಟ್ ಎಂಬ ವಸ್ತುವನ್ನು ಹೆಚ್ಚು ಹೆಚ್ಚಾಗಿ ತಯಾರಿಸುತ್ತವೆ. ಒಂದು ವೇಗದವರೆಗೆ ದೇಹ ಅದನ್ನು ಅಷ್ಟೇ ಬೇಗ ಬಳಸಿ ಮುಗಿಸುತ್ತದೆ. ಅದನ್ನು ದಾಟಿದರೆ ತಯಾರಿಕೆಯದೇ ಮೇಲುಗೈಯಾಗಿ, ರಕ್ತದಲ್ಲಿ ಲ್ಯಾಕ್ಟೇಟ್ ನಿಮಿಷ ನಿಮಿಷಕ್ಕೂ ಏರತೊಡಗುತ್ತದೆ. ಈ ತಿರುವಿಗೆ ಲ್ಯಾಕ್ಟೇಟ್ ಮಿತಿ ಎಂದು ಹೆಸರು. ಓಟಗಾರರ ಬಾಯಲ್ಲಿ ‘ಥ್ರೆಶೋಲ್ಡ್’. ಚೆನ್ನಾಗಿ ತರಬೇತಾದವರು ಈ ಮಿತಿಯ ವೇಗವನ್ನು ಸುಮಾರು ಒಂದು ಗಂಟೆ ಹಿಡಿದಿಡಬಲ್ಲರು. ಕಿಲೋಮೀಟರಿಗೆ ಹತ್ತು ಹದಿನೈದು ಸೆಕೆಂಡು ಬೇಗ ಓಡಿದರೆ ಸಾಕು, ಆ ಒಂದು ಗಂಟೆ ಬಹಳಷ್ಟು ಕುಗ್ಗಿಹೋಗುತ್ತದೆ. ಹತ್ತು ಕಿಲೋಮೀಟರಿನಿಂದ ಮ್ಯಾರಥಾನ್‌ವರೆಗಿನ ಓಟಗಳಲ್ಲಿ ಯಾರು ಎಷ್ಟು ವೇಗ ಕಾಯ್ದುಕೊಳ್ಳಬಲ್ಲರು ಎಂಬುದನ್ನು ಬಹುಮಟ್ಟಿಗೆ ಈ ಮಿತಿಯೇ ನಿರ್ಧರಿಸುತ್ತದೆ.

ಲ್ಯಾಕ್ಟಿಕ್ ಆಮ್ಲವನ್ನು ಮೊದಲು ಬೇರ್ಪಡಿಸಿದವನು ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಕಾರ್ಲ್ ಶೀಲೆ, 1780ರಲ್ಲಿ, ಹುಳಿಯಾದ ಹಾಲಿನಿಂದ. 1907ರಲ್ಲಿ ಕೇಂಬ್ರಿಜ್‌ನ ಫ್ಲೆಚರ್ ಮತ್ತು ಹಾಪ್ಕಿನ್ಸ್ ಕಪ್ಪೆಯ ಸ್ನಾಯುಗಳ ಮೇಲೆ ಪ್ರಯೋಗ ನಡೆಸಿದರು. ಆಮ್ಲಜನಕವಿಲ್ಲದೆ ದಣಿದ ಸ್ನಾಯುವಿನಲ್ಲಿ ಈ ಆಮ್ಲ ತುಂಬಿಕೊಂಡದ್ದನ್ನೂ ಆಮ್ಲಜನಕ ಕೊಟ್ಟಾಗ ಅದು ಇಳಿದದ್ದನ್ನೂ ತೋರಿಸಿದರು. ಅಲ್ಲಿಂದ ಮುಂದೆ ದಶಕಗಟ್ಟಲೆ ಲ್ಯಾಕ್ಟಿಕ್ ಆಮ್ಲವೆಂದರೆ ಆಯಾಸದ ವಿಷ, ಉಸಿರು ಸಾಲದಾದಾಗ ಉಳಿಯುವ ಕಸ ಎಂಬ ನಂಬಿಕೆ ಪಠ್ಯಪುಸ್ತಕಗಳಲ್ಲೂ ಮೈದಾನಗಳಲ್ಲೂ ಬೇರೂರಿತು. ಅದನ್ನು ಅಲುಗಾಡಿಸಿದವರು ಬರ್ಕ್ಲಿಯ ಜಾರ್ಜ್ ಬ್ರೂಕ್ಸ್. ಲ್ಯಾಕ್ಟೇಟ್ ಒಂದು ಸ್ನಾಯುವಿನಿಂದ ಹೊರಟು ಇನ್ನೊಂದು ಸ್ನಾಯುವಿಗೆ, ಹೃದಯಕ್ಕೆ, ಯಕೃತ್ತಿಗೆ ತಲುಪಿ ಅಲ್ಲಿ ಇಂಧನವಾಗುತ್ತದೆ ಎಂದು ಅವರು 1980ರ ದಶಕದಿಂದ ಒಂದೊಂದೇ ಪುರಾವೆ ಕೂಡಿಸುತ್ತ ಬಂದರು. ಓಟದ ಮರುದಿನ, ಮೂರನೆಯ ದಿನ ಕಾಡುವ ಮೈಕೈ ನೋವಿಗೂ ಲ್ಯಾಕ್ಟೇಟ್ ಕಾರಣವಲ್ಲ. ಓಟ ಮುಗಿದು ಒಂದು ಗಂಟೆ ಕಳೆಯುವಷ್ಟರಲ್ಲಿ ರಕ್ತದಲ್ಲಿ ಅದರ ಮಟ್ಟ ಹೆಚ್ಚುಕಡಿಮೆ ಮೊದಲಿನಂತಾಗಿರುತ್ತದೆ.

ಹಾಗಾದರೆ ಮಿತಿ ದಾಟಿದಾಗ ಕಾಲು ಸೋಲುವುದೇಕೆ? ಸ್ನಾಯು ಸಕ್ಕರೆಯನ್ನು ಒಡೆದು ಶಕ್ತಿ ಪಡೆಯುವಾಗ ಪೈರುವೇಟ್ ಹುಟ್ಟುತ್ತದೆ. ಜೀವಕೋಶದೊಳಗಿನ ಮೈಟೊಕಾಂಡ್ರಿಯಗಳು ಅದನ್ನು ಆಮ್ಲಜನಕದ ನೆರವಿನಿಂದ ಪೂರ್ತಿ ಉರಿಸುತ್ತವೆ. ವೇಗ ಹೆಚ್ಚಿದಾಗ ಸಕ್ಕರೆ ಒಡೆಯುವ ಕೆಲಸ ಮೈಟೊಕಾಂಡ್ರಿಯಗಳ ಸಾಮರ್ಥ್ಯವನ್ನು ಮೀರುತ್ತದೆ, ಉಳಿದ ಪೈರುವೇಟ್ ಲ್ಯಾಕ್ಟೇಟ್ ಆಗುತ್ತದೆ. ಒಳಹರಿವು ಹೆಚ್ಚಿದಂತೆ ಹೊರಹರಿವೂ ಹೆಚ್ಚುವ ತೊಟ್ಟಿಯನ್ನು ನೆನೆದರೆ ಚಿತ್ರ ಸ್ಪಷ್ಟವಾಗುತ್ತದೆ: ಹೊರಗಿನ ಕೊಳವೆ ತನ್ನ ಗರಿಷ್ಠ ಮುಟ್ಟುವವರೆಗೆ ನೀರಿನ ಮಟ್ಟ ನಿಂತಲ್ಲೇ ನಿಲ್ಲುತ್ತದೆ, ಆಮೇಲೆ ಏರುತ್ತಲೇ ಹೋಗುತ್ತದೆ. ಅದೇ ಹೊತ್ತಿಗೆ ಸ್ನಾಯುವಿನಲ್ಲಿ ಆಮ್ಲೀಯತೆ ಮತ್ತು ಫಾಸ್ಫೇಟ್ ಹೆಚ್ಚುತ್ತವೆ, ಕೂಡಿಟ್ಟ ಗ್ಲೈಕೋಜನ್ ವೇಗವಾಗಿ ಕರಗುತ್ತದೆ. ದಣಿಸುವುದು ಇವು. ಲ್ಯಾಕ್ಟೇಟ್ ಇವುಗಳ ಜೊತೆಜೊತೆಗೇ ಏರುವುದರಿಂದಲೂ ಒಂದು ಹನಿ ರಕ್ತದಲ್ಲಿ ಸುಲಭವಾಗಿ ಅಳೆಯಲು ಸಿಗುವುದರಿಂದಲೂ ಒಳ್ಳೆಯ ಸೂಚಕವಾಗಿದೆ.

ಈ ಮಿತಿ ಎಷ್ಟು ಮುಖ್ಯವೆಂಬುದಕ್ಕೆ ಆಸ್ಟ್ರೇಲಿಯಾದ ಡೆರೆಕ್ ಕ್ಲೇಟನ್ ಒಳ್ಳೆಯ ಉದಾಹರಣೆ. 1967ರಲ್ಲಿ ಜಪಾನಿನ ಫುಕುವೊಕಾದಲ್ಲಿ ಮ್ಯಾರಥಾನನ್ನು ಮೊದಲ ಬಾರಿಗೆ 2 ಗಂಟೆ 10 ನಿಮಿಷದೊಳಗೆ ಓಡಿದವರು ಅವರು. ಅಮೆರಿಕದ ಡೇವಿಡ್ ಕಾಸ್ಟಿಲ್ ತಮ್ಮ ಪ್ರಯೋಗಾಲಯದಲ್ಲಿ ಅಳೆದಾಗ ಕ್ಲೇಟನ್ ದೇಹ ಗರಿಷ್ಠವಾಗಿ ಬಳಸಬಲ್ಲ ಆಮ್ಲಜನಕ, ಅಂದರೆ ವಿಒ2 ಮ್ಯಾಕ್ಸ್, ಒಂದು ಕಿಲೋ ದೇಹತೂಕಕ್ಕೆ ನಿಮಿಷಕ್ಕೆ ಸುಮಾರು 70 ಮಿಲಿಲೀಟರ್ ಇತ್ತು. ವಿಶ್ವದ ಅತಿವೇಗದ ಮ್ಯಾರಥಾನ್ ಓಟಗಾರನಿಗೆ ಇದು ದೊಡ್ಡ ಅಂಕಿಯೇನಲ್ಲ. ಅವರ ಬಲವಿದ್ದದ್ದು ಆ ಗರಿಷ್ಠದ ದೊಡ್ಡ ಪಾಲನ್ನು ಗಂಟೆಗಟ್ಟಲೆ ಬಳಸುತ್ತ ಓಡುವುದರಲ್ಲಿ, ಮತ್ತು ಪ್ರತಿ ಹೆಜ್ಜೆಗೆ ಕಡಿಮೆ ಆಮ್ಲಜನಕ ಖರ್ಚು ಮಾಡುವುದರಲ್ಲಿ. ಅಭ್ಯಾಸವಿಲ್ಲದವರಲ್ಲಿ ಲ್ಯಾಕ್ಟೇಟ್ ಗರಿಷ್ಠದ ಅರ್ಧ ದಾಟುತ್ತಲೇ ಏರತೊಡಗಬಹುದು. ನುರಿತ ದೂರದ ಓಟಗಾರರಲ್ಲಿ ಮಿತಿಯು ಶೇ 85-90ರ ಹತ್ತಿರ ಇರುತ್ತದೆ. ಕಾಸ್ಟಿಲ್, ಫಾರೆಲ್ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು: ರಕ್ತದಲ್ಲಿ ಲ್ಯಾಕ್ಟೇಟ್ ಏರತೊಡಗುವ ವೇಗಕ್ಕೂ ಸ್ಪರ್ಧೆಯ ವೇಗಕ್ಕೂ ಬಹಳ ನಿಕಟ ಸಂಬಂಧವಿದೆ.

ಅಳೆಯುವ ಕ್ರಮವನ್ನು ಒಂದು ಮಾದರಿ ಲೆಕ್ಕದ ಮೂಲಕ ನೋಡಬಹುದು. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ವರ್ಲ್ಡ್ 10ಕೆ ಓಟಕ್ಕೆ ಸಿದ್ಧವಾಗುತ್ತಿರುವ ಓಟಗಾರ್ತಿಯೊಬ್ಬಳು ಹತ್ತು ಕಿಲೋಮೀಟರನ್ನು 50 ನಿಮಿಷದಲ್ಲಿ ಓಡುತ್ತಾಳೆ, ವಾರಕ್ಕೆ 40 ಕಿಲೋಮೀಟರ್ ಅಭ್ಯಾಸ ಮಾಡುತ್ತಾಳೆ ಎಂದಿಟ್ಟುಕೊಳ್ಳೋಣ. ಟ್ರೆಡ್‌ಮಿಲ್ ಮೇಲೆ ಅವಳು ಗಂಟೆಗೆ 9 ಕಿಲೋಮೀಟರ್ ವೇಗದಲ್ಲಿ ನಾಲ್ಕು ನಿಮಿಷ ಓಡುತ್ತಾಳೆ. ಕಿವಿಯ ಹಾಲೆಯನ್ನೋ ಬೆರಳ ತುದಿಯನ್ನೋ ಚುಚ್ಚಿ ಒಂದು ಹನಿ ರಕ್ತವನ್ನು ಸ್ಟ್ರಿಪ್ ಮೇಲೆ ತೆಗೆದುಕೊಂಡು, ವೇಗವನ್ನು ಒಂದು ಕಿಲೋಮೀಟರ್ ಏರಿಸಲಾಗುತ್ತದೆ. ಹೀಗೆ 13ರವರೆಗೆ. ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿ ಸಿಗುವ ಅಂಕಿಗಳು ಸಾಮಾನ್ಯವಾಗಿ 1.2, 1.4, 2.1, 3.9, 7.2 ಎಂಬಂತಿರುತ್ತವೆ. ಮೊದಲ ಎರಡು ಹಂತಗಳಲ್ಲಿ ಗೆರೆ ಹೆಚ್ಚುಕಡಿಮೆ ಸಮತಟ್ಟು, ಮೂರನೆಯದರಲ್ಲಿ ತಲೆ ಎತ್ತುತ್ತದೆ, ನಾಲ್ಕರಾಚೆ ಕಡಿದಾಗಿ ಏರುತ್ತದೆ. ಅವಳ ಮಿತಿ 11.6ರ ಆಸುಪಾಸಿನಲ್ಲಿದೆ, ಅಂದರೆ ಕಿಲೋಮೀಟರಿಗೆ 5 ನಿಮಿಷ 10 ಸೆಕೆಂಡು.

ಹಲವು ಕಡೆ 4 ಮಿಲಿಮೋಲನ್ನೇ ಎಲ್ಲರ ಮಿತಿಯೆಂದು ಹಿಡಿಯುವ ರೂಢಿ ಇದೆ. ಅದು ಸರಾಸರಿಯಿಂದ ಬಂದ ಸಂಖ್ಯೆ. ಕೆಲವರಲ್ಲಿ ಲ್ಯಾಕ್ಟೇಟ್ 3ಕ್ಕೂ ಕೆಳಗೆ ಸ್ಥಿರವಾಗಿದ್ದು ಅಲ್ಲಿಂದ ಜಿಗಿಯುತ್ತದೆ, ಇನ್ನು ಕೆಲವರಲ್ಲಿ 5 ದಾಟಿದರೂ ಸ್ಥಿರವಾಗಿರುತ್ತದೆ. ಹೆಚ್ಚು ನಂಬಬಹುದಾದ ಪರೀಕ್ಷೆಯೆಂದರೆ ಒಂದೇ ವೇಗದಲ್ಲಿ 30 ನಿಮಿಷ ಓಡಿಸುವುದು. ಹತ್ತನೆಯ ನಿಮಿಷದಿಂದ ಮೂವತ್ತನೆಯ ನಿಮಿಷದ ನಡುವೆ ಲ್ಯಾಕ್ಟೇಟ್ 1 ಮಿಲಿಮೋಲಿಗಿಂತ ಹೆಚ್ಚು ಏರದಿದ್ದರೆ ಆ ವೇಗ ಮಿತಿಯೊಳಗಿದೆ. ಇದನ್ನು ಬೇರೆ ಬೇರೆ ದಿನ ಬೇರೆ ಬೇರೆ ವೇಗದಲ್ಲಿ ಮಾಡಬೇಕಾದ್ದರಿಂದ ತಾಳ್ಮೆ ಬೇಕು. ಯಂತ್ರವೇ ಇಲ್ಲದವರಿಗೂ ದಾರಿಯಿದೆ: ಒಬ್ಬರೇ 30 ನಿಮಿಷ ಸಮವೇಗದಲ್ಲಿ, ಆದಷ್ಟು ಜೋರಾಗಿ ಓಡಿ, ಕೊನೆಯ 20 ನಿಮಿಷಗಳ ಸರಾಸರಿ ಹೃದಯಬಡಿತವನ್ನು ಮಿತಿಯ ಬಡಿತವೆಂದು ಹಿಡಿಯುವುದು.

ಮಿತಿಯ ವೇಗದಲ್ಲಿ ತಡೆಯಿಲ್ಲದೆ ಸುಮಾರು 20 ನಿಮಿಷ ಓಡುವುದೇ ಟೆಂಪೋ ಓಟ. ಅಮೆರಿಕದ ಕೋಚ್ ಜ್ಯಾಕ್ ಡೇನಿಯಲ್ಸ್ ಇದಕ್ಕೆ ಸ್ಪಷ್ಟ ಅಳತೆ ಕೊಟ್ಟು ಜನಪ್ರಿಯಗೊಳಿಸಿದರು. ನಮ್ಮ ಉದಾಹರಣೆಯ ಓಟಗಾರ್ತಿ 15 ನಿಮಿಷ ನಿಧಾನವಾಗಿ ಓಡಿ ಮೈ ಬಿಸಿ ಮಾಡಿಕೊಂಡು 400 ಮೀಟರ್ ಟ್ರ್ಯಾಕಿಗೆ ಇಳಿಯುತ್ತಾಳೆ. ಪ್ರತಿ ಸುತ್ತಿಗೆ 2 ನಿಮಿಷ 4 ಸೆಕೆಂಡು, ಒಟ್ಟು ಹತ್ತು ಸುತ್ತಿಗೆ ಸ್ವಲ್ಪ ಕಡಿಮೆ. ಮೊದಲ ಎರಡು ಸುತ್ತು ತೀರಾ ಸುಲಭವೆನಿಸಬೇಕು. ನಾಲ್ಕನೆಯ ಸುತ್ತಿನ ಹೊತ್ತಿಗೆ ಉಸಿರು ಆಳವಾದರೂ ಲಯ ತಪ್ಪಿರುವುದಿಲ್ಲ: ಎರಡು ಹೆಜ್ಜೆಗೆ ಒಳಗೆ, ಎರಡು ಹೆಜ್ಜೆಗೆ ಹೊರಗೆ. ಯಾರಾದರೂ ಮಾತಾಡಿಸಿದರೆ ಮೂರು ನಾಲ್ಕು ಪದಗಳ ಉತ್ತರ ಕೊಡಬಹುದು, ಕತೆ ಹೇಳಲಾಗದು. ಕೊನೆಯ ಸುತ್ತು ಮುಗಿದಾಗ ಇನ್ನೂ ಐದು ನಿಮಿಷ ಓಡಬಲ್ಲೆ ಎನಿಸಿದರೆ ವೇಗ ಸರಿಯಾಗಿತ್ತು ಎಂದರ್ಥ. ವಾರದ ದೂರದಲ್ಲಿ ಶೇ 10ನ್ನು ಮೀರದಂತೆ ಇಂಥ ಓಟ ಇರಲಿ ಎಂಬುದು ಡೇನಿಯಲ್ಸ್ ಸಲಹೆ. ವಾರಕ್ಕೆ 40 ಕಿಲೋಮೀಟರ್ ಓಡುವವಳಿಗೆ ಇದು ನಾಲ್ಕು ಕಿಲೋಮೀಟರ್, ಅಂದರೆ ಸರಿಸುಮಾರು ಇದೇ ಇಪ್ಪತ್ತು ನಿಮಿಷ. ಕೆಲವು ವಾರಗಳ ನಂತರ ಅದನ್ನೇ ತುಂಡು ಮಾಡಿ, ಒಂದೊಂದು ಕಿಲೋಮೀಟರಿನ ನಾಲ್ಕು ಓಟಗಳಾಗಿ, ನಡುವೆ ಒಂದೇ ನಿಮಿಷ ಸುಧಾರಿಸಿಕೊಂಡು ಓಡಬಹುದು. ವಿರಾಮ ಚಿಕ್ಕದಾದ್ದರಿಂದ ಲ್ಯಾಕ್ಟೇಟ್ ಹೆಚ್ಚು ಇಳಿಯುವುದಿಲ್ಲ, ಒಟ್ಟು ದೂರವನ್ನು ಸ್ವಲ್ಪ ಹೆಚ್ಚಿಸಲು ಸಾಧ್ಯವಾಗುತ್ತದೆ.

ಇಷ್ಟರಿಂದ ಮಿತಿ ಮೇಲೇರುವುದು ಹೇಗೆ? ನಿಧಾನದ ಓಟದಲ್ಲಿ ಕೆಲಸ ಮಾಡುವುದು ಹೆಚ್ಚಾಗಿ ನಿಧಾನಗತಿಯ ಸ್ನಾಯುತಂತುಗಳು. ಇವುಗಳಲ್ಲಿ ಮೈಟೊಕಾಂಡ್ರಿಯಗಳು ಮೊದಲೇ ಹೇರಳ. ಮಿತಿಯ ವೇಗ ಮುಟ್ಟಿದಾಗ ವೇಗದ ತಂತುಗಳಲ್ಲೂ ಒಂದು ಪಾಲು ಕೆಲಸಕ್ಕೆ ಇಳಿಯುತ್ತದೆ, ಇಪ್ಪತ್ತು ನಿಮಿಷ ಬಿಡುವಿಲ್ಲದೆ ಇಂಧನ ಉರಿಸುತ್ತದೆ. ವಾರದಿಂದ ವಾರಕ್ಕೆ ಈ ಒತ್ತಡ ಬಿದ್ದಾಗ ಆ ತಂತುಗಳಲ್ಲೂ ಮೈಟೊಕಾಂಡ್ರಿಯಗಳು ಹೆಚ್ಚುತ್ತವೆ. ಅಭ್ಯಾಸದಿಂದ ಹೀಗಾಗುವುದನ್ನು ಜಾನ್ ಹೊಲೊಸಿ 1967ರಲ್ಲೇ ಇಲಿಗಳ ಸ್ನಾಯುವಿನಲ್ಲಿ ತೋರಿಸಿದ್ದರು. ಲ್ಯಾಕ್ಟೇಟನ್ನು ಜೀವಕೋಶದೊಳಕ್ಕೆ ಸಾಗಿಸುವ ಎಂಸಿಟಿ1 ಎಂಬ ಪ್ರೊಟೀನೂ ತಂತುಗಳ ಸುತ್ತಲಿನ ಸೂಕ್ಷ್ಮ ರಕ್ತನಾಳಗಳೂ ಹೆಚ್ಚುತ್ತವೆ. ಹೀಗೆ ಅದೇ ವೇಗದಲ್ಲಿ ಲ್ಯಾಕ್ಟೇಟ್ ಹುಟ್ಟುವುದು ಕಡಿಮೆಯಾಗುತ್ತದೆ, ಹುಟ್ಟಿದ್ದು ಬೇಗ ಖರ್ಚಾಗುತ್ತದೆ. ಮೂರು ತಿಂಗಳ ನಂತರ ನಮ್ಮ ಓಟಗಾರ್ತಿಯ ಅಂಕಿಗಳು 1.1, 1.2, 1.6, 2.6, 5.0 ಎಂದು ಬಂದರೆ ಅವಳ ಮಿತಿ 12.2ರ ಹತ್ತಿರ ಸರಿದಿದೆ: ಕಿಲೋಮೀಟರಿಗೆ 4 ನಿಮಿಷ 55 ಸೆಕೆಂಡು. ಇದು ಹತ್ತು ಕಿಲೋಮೀಟರನ್ನು 48 ನಿಮಿಷದಲ್ಲಿ ಓಡುವವರ ಮಟ್ಟ.

ಕೆಡುವುದು ಹೆಚ್ಚಾಗಿ ಅತ್ಯುತ್ಸಾಹದಿಂದ. ಗುಂಪಿನಲ್ಲಿ ಓಡುವಾಗ ಮೊದಲ ಕಿಲೋಮೀಟರನ್ನೇ 4 ನಿಮಿಷ 50 ಸೆಕೆಂಡಿನಲ್ಲಿ ಮುಗಿಸಿದವಳಿಗೆ ಆರನೆಯ ಸುತ್ತಿನಲ್ಲಿ ಉಸಿರಿನ ಲಯ ಒಡೆಯುತ್ತದೆ, ಕೊನೆಯ ಸುತ್ತುಗಳು 2 ನಿಮಿಷ 10 ಸೆಕೆಂಡಿಗೆ ಜಾರುತ್ತವೆ. ಸರಾಸರಿ ವೇಗ ಸರಿಯಾಗಿಯೇ ಕಾಣಬಹುದು, ಆದರೆ ಅದು ಟೆಂಪೋ ಅಲ್ಲ, ಸೋತ ಸ್ಪರ್ಧೆ. ಅದರ ದಣಿವು ಮೂರು ದಿನ ಉಳಿದು ಉಳಿದ ಅಭ್ಯಾಸವನ್ನು ತಿನ್ನುತ್ತದೆ. ಮಂಗಳೂರಿನ ಏಪ್ರಿಲ್ ಸೆಖೆಯಲ್ಲಿ, ಬೆಂಗಳೂರಿನ ತಂಪು ಬೆಳಗಿನಲ್ಲಿ ನಿಗದಿಯಾದ ವೇಗವನ್ನೇ ಹಿಡಿಯಹೊರಟರೂ ಇದೇ ಆಗುತ್ತದೆ: ರಕ್ತದ ಒಂದು ಪಾಲು ಚರ್ಮವನ್ನು ತಣಿಸಲು ಹೋಗುವುದರಿಂದ ಅದೇ ವೇಗ ಮಿತಿಯ ಮೇಲಾಗಿಬಿಡುತ್ತದೆ. ಅಲ್ಲಿ ಗಡಿಯಾರ ಬಿಟ್ಟು ಉಸಿರನ್ನೇ ನಂಬುವುದು ಸರಿ.

ನಾರ್ವೆಯ ಓಟಗಾರರು ಈ ಅತಿರೇಕವನ್ನು ತಡೆಯಲೆಂದೇ ಮೈದಾನದಲ್ಲಿ ಓಟದ ನಡುನಡುವೆ ರಕ್ತ ಪರೀಕ್ಷಿಸಿಕೊಳ್ಳುತ್ತಾರೆ. 5000 ಮೀಟರ್ ಓಟಗಾರ ಮಾರಿಯಸ್ ಬಾಕೆನ್ ರೂಪಿಸಿದ ಈ ಪದ್ಧತಿಯಲ್ಲಿ ವಾರಕ್ಕೆ ಎರಡು ದಿನ, ದಿನಕ್ಕೆ ಎರಡು ಬಾರಿ ಮಿತಿಯ ಓಟ ಇರುತ್ತದೆ. ಲ್ಯಾಕ್ಟೇಟ್ ಹೆಚ್ಚಿದೆಯೆಂದು ಕಂಡರೆ ಮುಂದಿನ ಸುತ್ತನ್ನು ನಿಧಾನಗೊಳಿಸುತ್ತಾರೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 1500 ಮೀಟರ್ ಚಿನ್ನ ಗೆದ್ದ ಯಾಕೋಬ್ ಇಂಗೆಬ್ರಿಗ್ಟ್‌ಸನ್ ಬೆಳೆದದ್ದು ಇಂಥ ತರಬೇತಿಯಲ್ಲೇ. ವಾರಕ್ಕೆ 40 ಕಿಲೋಮೀಟರ್ ಓಡುವವರಿಗೆ ದಿನಕ್ಕೆರಡು ಬಾರಿಯ ಪಾಠ ಹೊಂದುವುದಿಲ್ಲ, ಹಿಡಿತದ ಪಾಠ ಹೊಂದುತ್ತದೆ.

ಮರುಪರೀಕ್ಷೆಯ ಅಂಕಿಗಳನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಬೆವರಿನಲ್ಲೂ ಲ್ಯಾಕ್ಟೇಟ್ ಇರುವುದರಿಂದ ಕಿವಿಯನ್ನು ಒರೆಸದೆ ತೆಗೆದ ಹನಿ ಹೆಚ್ಚಿನ ಅಂಕಿ ತೋರಿಸುತ್ತದೆ. ಅದಕ್ಕಾಗಿಯೇ ಮೊದಲ ಹನಿಯನ್ನು ಒರೆಸಿಹಾಕಿ ಎರಡನೆಯದನ್ನು ತೆಗೆದುಕೊಳ್ಳುತ್ತಾರೆ. ಇದಕ್ಕಿಂತ ಮೋಸದ ಸಂಗತಿ ಇನ್ನೊಂದಿದೆ. ಹಿಂದಿನ ದಿನ ಉದ್ದ ಓಡಿ, ಅನ್ನ ರೊಟ್ಟಿ ಕಡಿಮೆ ತಿಂದು ಪರೀಕ್ಷೆಗೆ ಬಂದವಳ ಸ್ನಾಯುವಿನಲ್ಲಿ ಗ್ಲೈಕೋಜನ್ ಇರುವುದೇ ಕಡಿಮೆ. ಒಡೆಯಲು ಸಕ್ಕರೆಯಿಲ್ಲದೆ ಎಲ್ಲ ವೇಗದಲ್ಲೂ ಲ್ಯಾಕ್ಟೇಟ್ ಕೆಳಗೇ ಉಳಿದು, ಮಿತಿ ಮೇಲೇರಿದಂತೆ ಗೆರೆ ಕಾಣುತ್ತದೆ. ಕೊನೆಯ ಹಂತದಲ್ಲಿ ಅವಳು ಪೂರ್ತಿ ದಣಿದಿದ್ದರೂ ಲ್ಯಾಕ್ಟೇಟ್ 4ರ ಹತ್ತಿರವೇ ನಿಂತಿದ್ದರೆ ಅನುಮಾನ ಪಡಬೇಕು. ಎರಡು ದಿನ ಚೆನ್ನಾಗಿ ಉಂಡು, ಸುಧಾರಿಸಿಕೊಂಡು ಮತ್ತೆ ಅಳೆಯಬೇಕು.